ಹೊಸ ಬ್ಯಾಚ್‌ಗೆ ಹಣ ಕಟ್ಟುವ ಮೊದಲು ಇದನ್ನು ಓದಿ

ನಮ್ಮ ಊರಿನ ಗುಂಪುಗಳಲ್ಲಿ ಒಂದು ಡ್ರೈವಿಂಗ್ ಶಾಲೆಯ ಪ್ರಕಟಣೆ ಈ ವಾರ ಮತ್ತೆ ಬಂದಿದೆ: ‘ಹೊಸ ಬ್ಯಾಚ್ ಆರಂಭ. ದಿನಕ್ಕೆ 1 ಗಂಟೆ, 20 ದಿನ. ಎಲ್ಲ ಸೇರಿ 7,500 ರೂಪಾಯಿ. 20 ದಿನದಲ್ಲಿ ಲೈಸೆನ್ಸ್ ಕೈಗೆ. ಪರೀಕ್ಷೆಗೆ ಪೂರ್ಣ ಮಾರ್ಗದರ್ಶನ.’ ಕಳೆದ ವರ್ಷ ಇವೇ ಸಾಲುಗಳನ್ನು ನಂಬಿ, ಕಾಫಿ ಮಾರಿದ ಹಣದಲ್ಲಿ ಮೊದಲು ತೆಗೆದಿಟ್ಟದ್ದನ್ನು ನಾನು ಅಲ್ಲಿ ಕಟ್ಟಿದ್ದೆ. ಗೋಣಿಕೊಪ್ಪದ ಸುತ್ತಿನ ಹೆಣ್ಣುಮಕ್ಕಳು ಹಲವರು ಈಗ ವಿಚಾರಿಸುತ್ತಿರುವುದರಿಂದ ಬರೆಯುತ್ತಿದ್ದೇನೆ.

‘20 ದಿನದಲ್ಲಿ ಲೈಸೆನ್ಸ್’ ಎಂಬ ಮಾತನ್ನು ಓದಿದಾಗಲೇ ನಾನು ಹಿಂದೆ ಸರಿಯಬೇಕಿತ್ತು. ಕಲಿಕಾ ಲೈಸೆನ್ಸ್ ಕೈಗೆ ಬಂದು 30 ದಿನ ತುಂಬದೆ ಚಾಲನಾ ಪರೀಕ್ಷೆಗೆ ಕೂರಲು ಅವಕಾಶವೇ ಇಲ್ಲ. ಯಾವ ಶಾಲೆಯೂ ಅದನ್ನು ಬೇಗ ಮಾಡಿಸಲಾರದು.

ಇನ್ನು ಆ ಒಂದು ಗಂಟೆ. ಮೊದಲ ದಿನ ಕಾರಿನಲ್ಲಿ ನನ್ನ ಜೊತೆ ಇನ್ನೂ ಮೂವರಿದ್ದರು. ಒಬ್ಬರು ಓಡಿಸುವಾಗ ಉಳಿದವರು ಹಿಂದೆ ಕೂತು ನೋಡಬೇಕು. ಒಬ್ಬೊಬ್ಬರನ್ನು ಮನೆಯ ಬಳಿ ಹತ್ತಿಸಿ ಇಳಿಸುವ ಸಮಯವೂ ಆ ಗಂಟೆಯೊಳಗೇ. ಸ್ಟೇರಿಂಗ್ ನನ್ನ ಕೈಯಲ್ಲಿ ಇರುತ್ತಿದ್ದದ್ದು ಹನ್ನೆರಡು ನಿಮಿಷ, ಹೆಚ್ಚೆಂದರೆ ಹದಿನೈದು. ಇಪ್ಪತ್ತು ದಿನ ಕೂಡಿಸಿದರೂ ಐದು ಗಂಟೆ ದಾಟುವುದಿಲ್ಲ. ಸ್ವಂತ ಬಳಕೆಯ ವಾಹನ ಕಲಿಯುವವರಿಗೆ ಶಾಲೆ ಕನಿಷ್ಠ 21 ದಿನ ತರಬೇತಿ ಕೊಡಬೇಕು, ಅದರಲ್ಲಿ ಕಲಿಯುವವರೇ ಓಡಿಸಿದ ಸಮಯ ಕನಿಷ್ಠ 10 ಗಂಟೆ ಇರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಅದನ್ನು ಬರೆದಿಡಲು ನಮೂನೆ 15 ಎಂಬ ಪುಸ್ತಕವೂ ಇದೆ. ಅದು ನನ್ನ ಮುಂದೆ ಬಂದದ್ದು ಒಂದೇ ಸಲ, ಕೊನೆಯ ದಿನ. ‘ಇಲ್ಲೆಲ್ಲ ಸಹಿ ಹಾಕಿ ಅಕ್ಕ, ಬರೀ ಕಾಗದಕ್ಕೆ’ ಎಂದರು. ಹಾಕಿಬಿಟ್ಟೆ. ಮುಂದೆ ನಾನು ದೂರು ಕೊಡಲಾಗದಂತೆ ಮಾಡಿದ್ದು ಆ ಸಹಿಗಳೇ. ಓಡಿಸಿದ ದಿನವೇ, ಓಡಿಸಿದಷ್ಟು ನಿಮಿಷಕ್ಕೆ ಮಾತ್ರ ಸಹಿ ಹಾಕಿ.

ಹಣಕ್ಕಿಂತ ದೊಡ್ಡ ನಷ್ಟ ತಿಳಿದದ್ದು ಮಡಿಕೇರಿಯಲ್ಲಿ, ಪರೀಕ್ಷೆಯ ದಿನ. ಇನ್ಸ್‌ಪೆಕ್ಟರ್ ಏರಿನಲ್ಲಿ ಕಾರು ನಿಲ್ಲಿಸಿ ಮತ್ತೆ ಹೊರಡಿಸಲು ಹೇಳಿದರು. ಹಿಂದಕ್ಕೆ ಜಾರದೆ ಹೊರಡುವುದು ಪರೀಕ್ಷೆಯ ಒಂದು ಭಾಗ. ಬ್ರೇಕಿನಿಂದ ಕಾಲು ತೆಗೆದೆ, ಕಾರು ಜಾರಿತು, ಎಂಜಿನ್ ನಿಂತಿತು. ಎರಡನೆಯ ಸಲವೂ ಹಾಗೆಯೇ ಆಯಿತು. ತರಗತಿಯಲ್ಲಿ ಇಂಥದೇ ಏರನ್ನು ಎಷ್ಟೋ ಸಲ ಹತ್ತಿಸಿದ್ದೆನಲ್ಲ ಎಂದು ಅಳು ಬಂತು. ಹತ್ತಿಸಿದ್ದು ನಾನಲ್ಲ ಎಂದು ಹೊಳೆದದ್ದು ಮನೆಗೆ ಬಂದ ಮೇಲೆ. ಶಾಲೆಯ ಕಾರಿನಲ್ಲಿ ಕಲಿಸುವವರ ಕಾಲ ಬುಡದಲ್ಲೂ ಕ್ಲಚ್ ಮತ್ತು ಬ್ರೇಕ್ ಇರುತ್ತವೆ. ಅಪಾಯ ತಪ್ಪಿಸಲು ಅವು ಬೇಕೇ ಬೇಕು. ಆದರೆ ಬೇಗ ಮುಗಿಸುವ ಆತುರಕ್ಕೆ ನಮ್ಮ ಮಾಸ್ಟರ್ ಪ್ರತಿ ಏರಿನಲ್ಲೂ ತಾವೇ ಕ್ಲಚ್ ಹಿಡಿಯುತ್ತಿದ್ದರು. ಇದನ್ನು ಕಂಡುಹಿಡಿಯಲು ನಿಮ್ಮ ಪಾದವೇ ಸಾಕು: ನೀವು ಒತ್ತದೆ ಪೆಡಲ್ ತಾನಾಗಿ ಕೆಳಗಿಳಿದರೆ ಓಡಿಸುತ್ತಿರುವವರು ಅವರು. ‘ಕಾಲು ತೆಗೆಯಿರಿ, ನಾನೇ ಮಾಡುತ್ತೇನೆ’ ಎಂದು ಆಗಲೇ ಹೇಳಿ.

ನನಗೆ ಆಮೇಲೆ ಕಲಿಸಿದವರು ನನ್ನ ಭಾವ, ‘ಎಲ್’ ಫಲಕ ಹಾಕಿದ ಅವರ ಹಳೆಯ ಕಾರಿನಲ್ಲಿ, ತೋಟದ ದಾರಿಯ ಏರಿನಲ್ಲಿ. ಹ್ಯಾಂಡ್‌ಬ್ರೇಕ್ ಎಳೆದು ಮೊದಲ ಗೇರ್ ಹಾಕಿ, ಕ್ಲಚ್ಚನ್ನು ನಿಧಾನವಾಗಿ ಬಿಡುತ್ತಾ ಬರಬೇಕು. ಎಂಜಿನ್ ಸದ್ದು ತುಸು ಭಾರವಾಗಿ ಕಾರು ಮುಂದಕ್ಕೆ ಎಳೆದಂತೆ ಆದ ಕಡೆ ಕಾಲನ್ನು ಅಲ್ಲೇ ಹಿಡಿದು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಆಮೇಲೆ ಹ್ಯಾಂಡ್‌ಬ್ರೇಕ್ ಇಳಿಸಬೇಕು. ಮೊದಲ ದಿನ ಹತ್ತಾರು ಸಲ ಎಂಜಿನ್ ನಿಂತಿತು. ನಾಲ್ಕನೆಯ ದಿನ ನಿಲ್ಲಲಿಲ್ಲ. ಅನುತ್ತೀರ್ಣರಾದವರು 7 ದಿನಗಳ ಮೇಲೆ ಮತ್ತೆ ಪರೀಕ್ಷೆಗೆ ಹೋಗಬಹುದು. ನಾನು ಮೂರು ವಾರ ಬಿಟ್ಟು ಹೋಗಿ ಉತ್ತೀರ್ಣಳಾದೆ.

‘ಎಲ್ಲ ಸೇರಿ’ ಎಂಬುದೂ ಸುಳ್ಳಾಯಿತು. ‘ಕಚೇರಿ ಖರ್ಚು’ ಎಂದು ಬೇರೆಯಾಗಿ 2,500 ರೂಪಾಯಿ ತೆಗೆದುಕೊಂಡರು. ಕಾರೊಂದಕ್ಕೇ ಆದರೆ ನಿಗದಿತ ಶುಲ್ಕ ಕಲಿಕಾ ಲೈಸೆನ್ಸಿಗೆ 150, ಅದರ ಪರೀಕ್ಷೆಗೆ 50, ಚಾಲನಾ ಪರೀಕ್ಷೆಗೆ 300, ಲೈಸೆನ್ಸಿಗೆ 200. ಕಟ್ಟಿದ ರಸೀದಿ ಸಾರಥಿ ಜಾಲತಾಣದಲ್ಲಿ ನಿಮ್ಮ ಅರ್ಜಿ ಸಂಖ್ಯೆಗೇ ಸಿಗುತ್ತದೆ. ಅದನ್ನು ತೋರಿಸಿ ಎಂದಾಗ ಅವರು ಮಾತು ಬದಲಿಸಿದರು.

ಈ ಸಲದ ಪ್ರಕಟಣೆಯಲ್ಲಿರುವ ಸಂಖ್ಯೆಗೆ ನಿನ್ನೆ ನಾನೇ ಕರೆ ಮಾಡಿ, ಒಂದು ಕಾರಿಗೆ ಎಷ್ಟು ಜನ, ನನ್ನ ಕೈಗೆ ಸ್ಟೇರಿಂಗ್ ಎಷ್ಟು ನಿಮಿಷ ಎಂದು ಕೇಳಿದೆ. ‘ಮೊದಲು ಬಂದು ಹಣ ಕಟ್ಟಿ, ಆಮೇಲೆ ಸಮಯ ಹೇಳುತ್ತೇವೆ’ ಎಂದರು.