ಎಎಸಿ ಬ್ಲಾಕ್ ಗೋಡೆ ಬಿರುಕು ಬಿಟ್ಟ ಮನೆ: ಕಟ್ಟಿಸುವ ಮುಂಚೆ ನೋಡಿಕೊಳ್ಳಿ

ತುಮಕೂರಿನ ಒಂದು 30x40 ಸೈಟಿನಲ್ಲಿ ಎರಡಂತಸ್ತಿನ ಮನೆ. ಕಾಲಂ, ಬೀಮ್ ಮೇಲೆ ನಿಂತ ಕಟ್ಟಡ. ಕೆಳಗಡೆ ಸುಟ್ಟ ಇಟ್ಟಿಗೆ. ಭಾರ ಕಡಿಮೆಯಾಗಲಿ ಅಂತ ಮೇಲುಗಡೆ 6 ಇಂಚಿನ ಎಎಸಿ ಬ್ಲಾಕ್, ಅಂದರೆ ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರ ಕಾಂಕ್ರೀಟ್ ಬ್ಲಾಕ್. ಎರಡಕ್ಕೂ ಅದೇ ಮೇಸ್ತ್ರಿ, ಅದೇ ಗಾರೆ. ಬಣ್ಣ ಹೊಡೆದ ಮೊದಲ ಬೇಸಿಗೆಯಲ್ಲೇ ಮೇಲಿನ ಗೋಡೆಗಳಲ್ಲಿ ಬೀಮಿನ ಕೆಳಗೆ ಉದ್ದಕ್ಕೂ ಗೆರೆ, ಕಿಟಕಿಯ ಕೆಳಮೂಲೆಗಳಿಂದ ಓರೆ ಬಿರುಕು. ಪುಟ್ಟಿ ತುಂಬಿ ಬಣ್ಣ ಬಳಿಸಿದರು, ಮತ್ತೆ ಅಲ್ಲೇ ಬಿಟ್ಟಿತು. ಕೆಳಗಿನ ಗೋಡೆಗೆ ಏನೂ ಆಗಿಲ್ಲ.

ಬ್ಲಾಕ್ ಕೆಟ್ಟದ್ದಿರಲಿಲ್ಲ, ಕಟ್ಟಿದ ರೀತಿ ಕೆಟ್ಟದ್ದು. ಸುಟ್ಟ ಇಟ್ಟಿಗೆಯನ್ನು ನೆನೆಸಿಯೇ ಕಟ್ಟಬೇಕು. ಆ ರೂಢಿಯಲ್ಲೇ ಬ್ಲಾಕ್ ರಾಶಿಗೂ ಪೈಪ್ ಹಿಡಿದರು. ಎಎಸಿ ನೀರು ಕುಡಿದರೆ ಬೇಗ ಬಿಡುವುದಿಲ್ಲ. ಪ್ಲಾಸ್ಟರ್ ಆದಮೇಲೆ ಒಳಗೊಳಗೇ ಒಣಗಿ ಕುಗ್ಗುತ್ತದೆ, ಆಗ ಗೋಡೆ ಸೀಳುತ್ತದೆ. ಧೂಳು ಒರೆಸಿ ಮೇಲ್ಮೈ ತೇವ ಮಾಡಿದರೆ ಸಾಕು. ಮೊದಲ ವರಸೆ ಮಾತ್ರ ಸಿಮೆಂಟ್ ಗಾರೆಯಲ್ಲಿ ಮಟ್ಟ ಮಾಡಿ, ಮೇಲಿನದಕ್ಕೆಲ್ಲ ಬ್ಲಾಕ್ ಅಂಟು ಗಾರೆಯನ್ನು ಹಲ್ಲಿನ ಕರಣೆಯಲ್ಲಿ 3 ಮಿ.ಮೀ. ದಪ್ಪ ಎಳೆಯಬೇಕು. ಚೀಲದ ಮೇಲೆ ಬರೆದಷ್ಟೇ ನೀರು. ಗಟ್ಟಿಯಾದದ್ದಕ್ಕೆ ಮತ್ತೆ ನೀರು ಬೆರೆಸಬಾರದು.

ಎರಡನೇ ತಪ್ಪು ಬೀಮಿನ ಕೆಳಗಿನದು. ಕೊನೆಯ ವರಸೆಯನ್ನು ಇಟ್ಟಿಗೆ ಚೂರು ತುರುಕಿ ಬಿಗಿ ಮಾಡಿದ್ದರು. ಮೇಲೆ ಭಾರ ಬಂದಾಗ ಬೀಮ್ ಒಂಚೂರು ಬಗ್ಗಿಯೇ ಬಗ್ಗುತ್ತದೆ, ಆ ಒತ್ತಡ ಗೋಡೆಗೆ ಬಿತ್ತು. ಅಲ್ಲಿ ಸುಮಾರು 10 ಮಿ.ಮೀ. ಸಂದು ಬಿಟ್ಟು, ಮೇಲಿನ ಕೆಲಸ ಮುಗಿದಮೇಲೆ ಫೋಮ್ ತುಂಬಬೇಕಿತ್ತು. ಕಾಲಂ, ಬೀಮ್ ಸೇರುವ ಕಡೆ ಪ್ಲಾಸ್ಟರಿಗೆ ಮುಂಚೆ ಎರಡೂ ಪಕ್ಕ ಅರ್ಧ ಅಡಿ ಆವರಿಸುವಂತೆ ಮೆಶ್ ಹೊಡೆಯಬೇಕಿತ್ತು. ಕಿಟಕಿಯ ಕೆಳಗೆ ಎರಡು 8 ಮಿ.ಮೀ. ಕಂಬಿ ಹಾಕಿದ 3 ಇಂಚಿನ ಕಾಂಕ್ರೀಟ್ ಪಟ್ಟಿ ಗೋಡೆಯುದ್ದಕ್ಕೂ ಹೋಗಿದ್ದರೆ ಮೂಲೆ ಬಿಡುತ್ತಿರಲಿಲ್ಲ.

ಈಗಾಗಲೇ ಬಿರುಕು ಬಿಟ್ಟಿದ್ದರೆ ಬೆರಳಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದಷ್ಟೂ ಪ್ಲಾಸ್ಟರ್ ಕಿತ್ತು, ಮೆಶ್ ಹಾಕಿ ಹೊಸದಾಗಿ ಮಾಡಿಸಬೇಕು. ವಯರಿಂಗ್ ಕೊರೆತ ಕಟರಿನಲ್ಲೇ ಆಗಲಿ. ಸುತ್ತಿಗೆ, ಉಳಿ ಹಿಡಿದು ಬಂದ ಎಲೆಕ್ಟ್ರಿಷಿಯನ್‌ನನ್ನು ಗೇಟಿನಲ್ಲೇ ತಡೆಯಿರಿ.

ಇದೆಲ್ಲ ರಗಳೆ ಅನ್ನಿಸಿದರೆ ಸುಟ್ಟ ಇಟ್ಟಿಗೆಗೇ ಇರಿ. ಒಣಗಿದ ಇಟ್ಟಿಗೆಯನ್ನು ಒಂದು ದಿನ ನೀರಿನಲ್ಲಿಟ್ಟು ತೂಗಿ: 3 ಕೆ.ಜಿ.ಯದ್ದು 3.6 ದಾಟಿದರೆ ಲಾರಿ ವಾಪಸ್. ಕಲ್ಲಿದ್ದಲ ಬೂದಿಯ ಫ್ಲೈ ಆಶ್ ಇಟ್ಟಿಗೆ ತರಿಸುವುದಾದರೆ, ಅದು ಸುಡುವುದಲ್ಲ, ಕ್ಯೂರಿಂಗ್‌ನಲ್ಲಿ ಗಟ್ಟಿಯಾಗುವುದು. ಅಚ್ಚು ಹಾಕಿ ನಾಲ್ಕು ವಾರ ಆಗಿರಬೇಕು. ಅಂಚನ್ನು ಉಗುರಿನಲ್ಲಿ ಕೆರೆದರೆ ಪುಡಿ ಉದುರುವ ಎಳೆ ಇಟ್ಟಿಗೆಯೂ ಗೋಡೆಯಲ್ಲಿ ಕುಗ್ಗಿ ಬಿರುಕು ಕೊಡುತ್ತದೆ. ಕಾಲಂ ಇಲ್ಲದೆ ಗೋಡೆ ಮೇಲೆಯೇ ಸ್ಲಾಬ್ ಕೂರಿಸುವ ಮನೆಯಾದರೆ, ಸ್ಟ್ರಕ್ಚರಲ್ ಇಂಜಿನಿಯರ್ ಲೆಕ್ಕ ಹಾಕಿ ಬರೆದು ಕೊಡದ ಹೊರತು ಎಎಸಿ ಬೇಡ.