ಮೊತ್ತ 100 ಬಂತು, ಪಟ್ಟಿ ಮಾತ್ರ ತಪ್ಪಾಗಿತ್ತು

ಸರ್ವೆಯ ಉತ್ತರಗಳನ್ನು ಎಣಿಸಿ ಶೇಕಡಾವಾರು ಪಟ್ಟಿ ಮಾಡುವವರು ಇದನ್ನು ಒಮ್ಮೆ ಓದಿ. ನನ್ನ ಪಟ್ಟಿಯ ಕೊನೆಯ ಸಾಲಿನಲ್ಲಿ ಸರಿಯಾಗಿ 100 ಇತ್ತು. ಅದನ್ನು ನೋಡಿ, ಎಲ್ಲ ಸರಿಯಿದೆ ಅಂದುಕೊಂಡು ಕಳಿಸಿಬಿಟ್ಟೆ.

ಒಂದು ಗ್ರಂಥಾಲಯದವರು ಓದುಗರಿಂದ 240 ಫಾರಂ ತುಂಬಿಸಿಕೊಂಡಿದ್ದರು. "ನೀವು ಇಲ್ಲಿಗೆ ಹೇಗೆ ಬರುತ್ತೀರಿ?" ಅನ್ನೋದು ಅದರಲ್ಲಿ ಒಂದು ಪ್ರಶ್ನೆ. ಗುರುತು ಹಾಕಲು ಚೌಕ ಇರಲಿಲ್ಲ, ಬರೆಯಲು ಒಂದು ಗೆರೆ ಇತ್ತು. ಉತ್ತರ ಕೊಟ್ಟವರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಜನ ಬಸ್ಸಿನಲ್ಲಿ ಬರುತ್ತಿದ್ದರೆ, ಸಂಜೆ ಬಾಗಿಲು ಹಾಕುವ ಹೊತ್ತನ್ನು ಬಸ್ಸಿಗೆ ಹೊಂದಿಸೋಣ ಅಂತ ಅವರು ಮೊದಲೇ ಮಾತಾಡಿಕೊಂಡಿದ್ದರು. ಎಣಿಸಿ ಕೊಡುವ ಕೆಲಸ ನನ್ನದು.

ಉತ್ತರಗಳೆಲ್ಲ ಎಕ್ಸೆಲ್‌ನಲ್ಲಿ C ಕಾಲಂನಲ್ಲಿದ್ದವು. ಒಂದಷ್ಟು ಸಾಲು ಕಣ್ಣಾಡಿಸಿದೆ. ನಡೆದು, ಬಸ್, ಬೈಕ್, ಸೈಕಲ್, ಈ ನಾಲ್ಕೇ ಕಾಣಿಸಿದವು. ಪ್ರತಿಯೊಂದಕ್ಕೂ ಹೀಗೊಂದು ಸೂತ್ರ ಹಾಕಿದೆ:

```
=COUNTIF(C2:C241,"ಬಸ್")
```

ನಡೆದು 83, ಬಸ್ 61, ಬೈಕ್ 41, ಸೈಕಲ್ 22 ಬಂತು. ಈ ನಾಲ್ಕನ್ನೂ ಕೂಡಿಸಿ, ಆ ಮೊತ್ತದಿಂದಲೇ ಒಂದೊಂದನ್ನೂ ಭಾಗಿಸಿದೆ. ಶೇ. 40, 29, 20, 11. ಕೂಡಿದರೆ 100. ಪಟ್ಟಿ ಚಿಕ್ಕದಾಗಿ ಕಾಣಲಿ ಅಂತ ಎಣಿಕೆಯ ಕಾಲಂ ತೆಗೆದುಹಾಕಿ, ಶೇಕಡಾ ಮಾತ್ರ ಉಳಿಸಿದೆ. ನಾನು ಮಾಡಿದ ದೊಡ್ಡ ತಪ್ಪು ಇದೇ. ಆ ಕಾಲಂ ಇದ್ದಿದ್ದರೆ ಯಾರಾದರೂ ಅಲ್ಲೇ ಹಿಡಿಯುತ್ತಿದ್ದರು.

ಬಸ್ಸಿನವರು ಶೇ. 29 ಮಾತ್ರ ಅಂತ ಸಭೆಯಲ್ಲಿ ಸಮಯ ಬದಲಿಸುವ ಮಾತನ್ನು ಕೈಬಿಟ್ಟರು. ಫಾರಂಗಳನ್ನು ಟೈಪ್ ಮಾಡಿದ್ದ ಹುಡುಗಿ ಸಭೆ ಮುಗಿದ ಮೇಲೆ ನನ್ನ ಹತ್ತಿರ ಬಂದಳು. "ಸರ್, ಬಸ್ಸಲ್ಲಿ ಬರೋರು ಇಷ್ಟೇನಾ? ನಡ್ಕೊಂಡು ಬರೋರಷ್ಟೇ ಅವರೂ ಇದ್ದಂಗಿತ್ತು, ಟೈಪ್ ಮಾಡ್ವಾಗ" ಅಂದಳು. ಸುಮ್ನೆ ಹೇಳುವ ಹುಡುಗಿ ಅಲ್ಲ ಅವಳು. ಫೈಲ್ ಮತ್ತೆ ತೆರೆದು ಎಣಿಕೆಗಳನ್ನು ಕೂಡಿಸಿದೆ. 207. ಫಾರಂ ಇದ್ದದ್ದು 240. ಮೂವತ್ತಮೂರು ಜನ ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಪಟ್ಟಿಯಲ್ಲಿರುವ ಸಂಖ್ಯೆಗಳನ್ನು ಅವುಗಳದೇ ಮೊತ್ತದಿಂದ ಭಾಗಿಸಿದರೆ 100 ಬಂದೇ ಬರುತ್ತದೆ. ಅರ್ಧ ಫಾರಂ ಕಳೆದುಹೋಗಿದ್ದರೂ ಬರುತ್ತದೆ. ಹಾಗಾಗಿ ಆ 100 ಯಾವುದಕ್ಕೂ ಸಾಕ್ಷಿ ಅಲ್ಲ. ತಾಳೆ ನೋಡಬೇಕಾದದ್ದು ಎಣಿಕೆಯ ಮೊತ್ತವನ್ನು, ಅದೂ ಕೈಯಲ್ಲಿರುವ ಫಾರಂಗಳ ಸಂಖ್ಯೆಯ ಜೊತೆ.

ಹಾಗಾದರೆ ಆ 33 ಎಲ್ಲಿ ಹೋದವು? ಪಕ್ಕದ ಹಾಳೆಯಲ್ಲಿ ಹೀಗೆ ಹಾಕಿ ನೋಡಿದೆ:

```
=UNIQUE(C2:C241)
```

ಕಾಲಂನಲ್ಲಿ ಎಷ್ಟು ಬಗೆಯ ಬರವಣಿಗೆ ಇದೆಯೋ ಅಷ್ಟನ್ನೂ ಇದು ಒಂದೊಂದು ಸಲ ತೋರಿಸುತ್ತದೆ. "ಬಸ್" ಎರಡು ಸಲ ಬಂತು. ಕಣ್ಣಿಗೆ ಎರಡೂ ಒಂದೇ. ಪಕ್ಕದಲ್ಲಿ `LEN` ಹಾಕಿದಾಗ ಒಂದಕ್ಕೆ 3 ಬಂತು, ಇನ್ನೊಂದಕ್ಕೆ 4. (ಕಂಪ್ಯೂಟರ್ ಲೆಕ್ಕದಲ್ಲಿ ಬ, ಸ ಮತ್ತು ಅರ್ಧಾಕ್ಷರದ ಗುರುತು ಸೇರಿ ಮೂರು.) ನಾಲ್ಕನೆಯದು ಕೊನೆಯಲ್ಲಿ ಬಿದ್ದ ಒಂದು ಸ್ಪೇಸ್. ಹಾಗಿದ್ದವು 11. "ಬಸ್ಸು" ಅಂತ 4, "ಬಸ್ಸಲ್ಲಿ" ಅಂತ 2. ಜನ ಬರೆದದ್ದನ್ನು ಆ ಹುಡುಗಿ ಇದ್ದ ಹಾಗೇ ಟೈಪ್ ಮಾಡಿದ್ದಳು, ಅದು ಸರಿಯೇ. ಒಟ್ಟು 17 ಜನ ಬಸ್ಸಿನವರನ್ನು ಬಿಟ್ಟದ್ದು ನನ್ನ ಸೂತ್ರ. ಉಳಿದವರಲ್ಲಿ ಇಬ್ಬರು ಕಾರಿನವರು. 14 ಜನ ಏನೂ ಬರೆದಿರಲಿಲ್ಲ.

ಈಗ ನಾನು ಮೂಲ ಕಾಲಂ ಮುಟ್ಟುವುದೇ ಇಲ್ಲ. ಪಕ್ಕದಲ್ಲಿ `=TRIM(C2)` ಅಂತ ಹೊಸ ಕಾಲಂ ಮಾಡಿಕೊಳ್ಳುತ್ತೇನೆ. ಹಿಂದೆ ಮುಂದೆ ಇರುವ ಸ್ಪೇಸ್ ಅದರಲ್ಲಿ ಹೋಗುತ್ತದೆ. "ಬಸ್ಸು" "ಬಸ್ಸಲ್ಲಿ" ಎರಡೂ "ಬಸ್" ಅನ್ನೋದು ಮಾತ್ರ ಯಾವ ಸೂತ್ರಕ್ಕೂ ತಾನಾಗಿ ಗೊತ್ತಾಗುವುದಿಲ್ಲ. ಯಾವ ಬರವಣಿಗೆ ಯಾವ ಗುಂಪಿಗೆ ಅಂತ ಬೇರೆ ಹಾಳೆಯಲ್ಲಿ ಕೈಯಾರೆ ಬರೆದಿಡಬೇಕು. ಬೇಸರದ ಕೆಲಸ, ಆದರೆ ನಾಳೆ ಯಾರಾದರೂ ಕೇಳಿದರೆ ತೋರಿಸಲು ಅದೊಂದೇ ದಾರಿ.

ಸರಿ ಮಾಡಿದ ಪಟ್ಟಿ ಇದು:

| ಹೇಗೆ ಬರುತ್ತಾರೆ | ಎಣಿಕೆ | ಶೇ. |
|---|---|---|
| ನಡೆದು | 83 | 36.7 |
| ಬಸ್ | 78 | 34.5 |
| ಬೈಕ್ | 41 | 18.1 |
| ಸೈಕಲ್ | 22 | 9.7 |
| ಇತರೆ | 2 | 0.9 |
| ಉತ್ತರ ಕೊಟ್ಟವರು | 226 | 100 |

ಬಸ್ಸಿನವರು 29 ಅಲ್ಲ, 34.5. ಮೂರರಲ್ಲಿ ಒಂದು ಪಾಲು ದಾಟಿದೆ. ಆದರೆ ಇನ್ನೂ ಒಂದು ಕಡೆ ಜಾರಬಹುದು. ಖಾಲಿ ಬಿಟ್ಟ 14 ಜನರನ್ನೂ ಸೇರಿಸಿ 240ರಿಂದ ಭಾಗಿಸಿದರೆ ಇದೇ 78 ಜನ ಶೇ. 32.5 ಆಗುತ್ತಾರೆ, ಅಂದರೆ ಮತ್ತೆ ಗೆರೆಯ ಕೆಳಗೆ. ಎರಡೂ ಲೆಕ್ಕ ತಪ್ಪಲ್ಲ. ಅವರು ಮಾತಾಡಿಕೊಂಡದ್ದು ಉತ್ತರ ಕೊಟ್ಟವರ ಬಗ್ಗೆ, ಹಾಗಾಗಿ ಇಲ್ಲಿ 226 ಸರಿ. ಯಾವುದರಿಂದ ಭಾಗಿಸುವುದು ಅಂತ ಫಲಿತಾಂಶ ನೋಡುವ ಮೊದಲೇ ತೀರ್ಮಾನಿಸಿ. ನೋಡಿದ ಮೇಲೆ ಬೇಕಾದದ್ದನ್ನು ಆರಿಸಿಕೊಂಡರೆ ಅದು ಎಣಿಕೆ ಆಗಲ್ಲ, ಅಲ್ವಾ?

ಈ ಪಟ್ಟಿಯ ಶೇಕಡಾಗಳನ್ನು ಕೂಡಿಸಿ ನೋಡಿ, 99.9 ಬರುತ್ತದೆ. ಹತ್ತಿರದ ಪೂರ್ಣ ಸಂಖ್ಯೆಗೆ ತಂದರೆ 37, 35, 18, 10, 1, ಒಟ್ಟು 101. ಎಣಿಕೆ ತಾಳೆಯಾಗಿದ್ದರೆ ಇದಕ್ಕೆ ಹೆದರಬೇಕಾಗಿಲ್ಲ, ಪ್ರತಿ ಸಾಲನ್ನೂ ಹತ್ತಿರದ ಅಂಕಿಗೆ ತಂದಾಗ ಹೀಗಾಗುತ್ತದೆ. "ಇತರೆ" ಸಾಲಿಗೆ ಸದ್ದಿಲ್ಲದೆ 0.1 ಸೇರಿಸಿ 100 ಮಾಡುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಮೊತ್ತದ ಸಾಲಿನಲ್ಲಿ 100 ಎಂದೇ ಬರೆದು, ಕೆಳಗೆ ಒಂದು ಟಿಪ್ಪಣಿ ಹಾಕಿದರೆ ಆಯಿತು.

ಪೂರ್ಣ ಸಂಖ್ಯೆಗಳೇ ಬೇಕು, ಕೂಡಿದರೆ 100 ಬರಲೇಬೇಕು ಅಂತ ಹಟ ಹಿಡಿದರೆ ಅದಕ್ಕೂ ಒಂದು ಕ್ರಮ ಇದೆ. ಮೊದಲು ದಶಮಾಂಶಗಳನ್ನು ಕತ್ತರಿಸಿ: 36, 34, 18, 9, 0. ಒಟ್ಟು 97. ಉಳಿದ 3ನ್ನು ಜಾಸ್ತಿ ದಶಮಾಂಶ ಕಳೆದುಕೊಂಡ ಮೂರು ಸಾಲುಗಳಿಗೆ ಒಂದೊಂದರಂತೆ ಹಂಚಿ. ಇತರೆ, ಸೈಕಲ್, ನಡೆದು, ಈ ಮೂರಕ್ಕೆ ಸಿಗುತ್ತದೆ. ಬಸ್ 34ರಲ್ಲೇ ನಿಲ್ಲುತ್ತದೆ. ಹೀಗೆ ಹಂಚಿದ್ದೀರಿ ಅಂತ ಪಟ್ಟಿಯ ಕೆಳಗೆ ಹೇಳಿ.

ಒಬ್ಬರು ಎಷ್ಟು ಬೇಕಾದರೂ ಗುರುತು ಹಾಕಬಹುದಾದ ಪ್ರಶ್ನೆಗೆ ಮಾತ್ರ 100ರ ಗೊಡವೆಯೇ ಬೇಡ. ಅದೇ ಫಾರಂನಲ್ಲಿ "ಏನೇನು ಓದುತ್ತೀರಿ?" ಅಂತ ಇತ್ತು. 231 ಜನ 402 ಗುರುತು ಹಾಕಿದ್ದರು, ಪತ್ರಿಕೆಗೆ 168. ಜನರಿಂದ ಭಾಗಿಸಿದರೆ ಪತ್ರಿಕೆ ಓದುವವರು ಶೇ. 72.7. ಮೊತ್ತ 100 ಬರಲಿ ಅಂತ ಗುರುತುಗಳಿಂದ ಭಾಗಿಸಿದರೆ ಅದು 41.8ಕ್ಕೆ ಇಳಿಯುತ್ತದೆ. ಅರ್ಧಕ್ಕಿಂತ ಕಡಿಮೆ ಜನ ಪತ್ರಿಕೆ ಓದುತ್ತಾರೆ ಅಂತ ಓದುವವರು ತಿಳಿದುಕೊಳ್ಳುತ್ತಾರೆ. ಅಲ್ಲಿ ಮೊತ್ತದ ಸಾಲನ್ನೇ ಬಿಟ್ಟುಬಿಡಿ.

ಸರಿ ಮಾಡಿದ ಪಟ್ಟಿಯನ್ನು ಮರುದಿನ ಕಳಿಸಿದೆ, ಈ ಸಲ ಎಣಿಕೆಯ ಕಾಲಂ ಜೊತೆಗೆ. ಕೆಳಗೆ ಹೀಗೆ ಬರೆದಿದ್ದೆ: "ಒಟ್ಟು ಫಾರಂ 240, ಈ ಪ್ರಶ್ನೆಗೆ ಉತ್ತರ ಕೊಟ್ಟವರು 226, ಖಾಲಿ ಬಿಟ್ಟವರು 14. ಶೇಕಡಾ ಲೆಕ್ಕ 226ರ ಮೇಲೆ. ಹತ್ತಿರದ ಅಂಕಿಗೆ ತಂದದ್ದರಿಂದ ಸಾಲುಗಳನ್ನು ಕೂಡಿದರೆ ಸರಿಯಾಗಿ 100 ಬರುವುದಿಲ್ಲ."