ಲವ್ ಮ್ಯಾರೇಜ್‌ನಲ್ಲಿ ವರದಕ್ಷಿಣೆ ಇರಲ್ಲ ಅಂದುಕೊಂಡಿದ್ದೀರಾ? ಫ್ಲ್ಯಾಟಿನ ಕಾಗದದಲ್ಲಿ ಯಾರ ಹೆಸರಿದೆ ನೋಡಿ

ಇದನ್ನು ಬರೆಯಲು ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ. ಪ್ರೀತಿಸಿ ಮದುವೆಗೆ ಹೊರಟಿರುವ ಹೆಣ್ಣುಮಕ್ಕಳು, ಅದಕ್ಕಿಂತ ಜಾಸ್ತಿ ಅವರ ಅಪ್ಪ ಅಮ್ಮ, ದಯವಿಟ್ಟು ಓದಿ.

ನಾನು ಮತ್ತು ಅವನು ಒಂದೇ ಆಫೀಸಿನಲ್ಲಿದ್ದವರು. ವರ್ಷಗಟ್ಟಲೆ ಜೊತೆಗಿದ್ದೆವು. ಎರಡೂ ಮನೆಯವರು ಒಪ್ಪಿದರು. ಅವರ ಮನೆಯವರು ನಮ್ಮ ಮನೆಗೆ ಬಂದಾಗ ಅವನ ಅಪ್ಪ ಎಲ್ಲರೆದುರು ಹೇಳಿದ ಮಾತು ಇದು: "ಮಕ್ಕಳು ಇಷ್ಟಪಟ್ಟಿದ್ದಾರೆ ಬೀಗರೇ, ಕೊಡೋದು ತಗೊಳ್ಳೋದು ಏನಿದೆ? ನಮಗೇನೂ ಬೇಡ. ಮದುವೆ ಚೆನ್ನಾಗಿ ಮಾಡಿಕೊಡಿ ಸಾಕು." ನಮ್ಮಪ್ಪ ಕಣ್ಣೊರೆಸಿಕೊಂಡರು. ಹುಡುಗಿಯ ಅಪ್ಪ ಆ ಮಾತು ಕೇಳಿದರೆ ಹಾಗೇ ಆಗುತ್ತದೆ.

ಮನೆಯವರೇ ನೋಡಿ ಮಾಡುವ ಮದುವೆಯಲ್ಲಿ ಮಾತುಕತೆ ಮೊದಲೇ ಆಗುತ್ತದೆ. ಎಷ್ಟು ಚಿನ್ನ, ಛತ್ರದ ಖರ್ಚು ಯಾರದ್ದು, ಎಲ್ಲ ಬಾಯಿಬಿಟ್ಟು ಕೇಳುತ್ತಾರೆ. ಅದು ತಪ್ಪೇ, ಆದರೆ ಇಷ್ಟವಿಲ್ಲ ಅಂದರೆ ಅಲ್ಲೇ ಎದ್ದು ಬರಬಹುದು. ಪ್ರೀತಿಸಿದ ಮದುವೆಯಲ್ಲಿ ಆ ಮಾತು ಬರುವುದೇ ಕೊನೆಗೆ. ನಿಶ್ಚಿತಾರ್ಥ ಮುಗಿದು, ಛತ್ರಕ್ಕೆ ಅಡ್ವಾನ್ಸ್ ಕೊಟ್ಟು, ಪತ್ರಿಕೆ ಅಚ್ಚಾಗಿ ನೆಂಟರ ಮನೆಗೆಲ್ಲ ಹೋದ ಮೇಲೆ. ಈ ಹುಡುಗಿ ಅವನನ್ನು ಬಿಟ್ಟು ಹೋಗಲ್ಲ ಅಂತ ಆ ಮನೆಯವರಿಗೆ ಚೆನ್ನಾಗಿ ಗೊತ್ತಾದ ಮೇಲೆ.

ನಮ್ಮಲ್ಲೂ ಹಾಗೇ ಆಯಿತು. ಒಂದು ಸಂಜೆ ಅವನ ಸೋದರಮಾವ ಬಂದರು. ಅವನ ಅಪ್ಪ ಅಮ್ಮ ಬರಲಿಲ್ಲ, ಇದನ್ನು ಗಮನಿಸಿ. ಮಾವ ಹೇಳಿದ್ದು: "ಮಕ್ಕಳಿಗೋಸ್ಕರ ಒಂದು ಫ್ಲ್ಯಾಟ್ ನೋಡಿದ್ದೀವಿ. 80 ಲಕ್ಷ. ಬ್ಯಾಂಕಿನವರು 60 ಲಕ್ಷ ಕೊಡ್ತಾರೆ. ಉಳಿದಿದ್ದು 20. ಅವರ ಹತ್ರ 5 ಇದೆ. ನೀವು ಸ್ವಲ್ಪ ಕೈ ಸೇರಿಸಿದ್ರೆ ಆಗೋಗುತ್ತೆ." ಆ ಸ್ವಲ್ಪ ಅಂದರೆ 15 ಲಕ್ಷ. ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಖರ್ಚು ಸಾಲದಲ್ಲಿ ಸೇರುವುದಿಲ್ಲ, ಅದನ್ನೂ ನಾವೇ ನೋಡಿಕೊಳ್ಳಬೇಕು. ಅರ್ಧ ದುಡ್ಡು ನಗದಾಗಿ ಇದ್ದರೆ ಒಳ್ಳೆಯದು ಅಂತಲೂ ಅಂದರು.

ಅಪ್ಪ ಪಿಎಫ್ ದುಡ್ಡು ತೆಗೆಯಲು ತಯಾರಾದರು. ನಾನೂ ಸುಮ್ಮನಿದ್ದೆ. ನಾವಿಬ್ಬರೂ ಇರುವ ಮನೆ ತಾನೆ ಅಂತ.

ಆಮೇಲೆ ಕ್ರಯದ ಕರಾರಿನ ಕರಡು ನನ್ನ ಮೊಬೈಲಿಗೆ ಬಂತು. ಫ್ಲ್ಯಾಟಿನ ನಕ್ಷೆ ನೋಡಲಿ ಅಂತ ಅವನೇ ಕಳಿಸಿದ್ದ. ಮೊದಲ ಪುಟದಲ್ಲೇ ಖರೀದಿದಾರರ ಹೆಸರು ಇರುತ್ತದೆ. ಒಂದು ಅವನದು. ಇನ್ನೊಂದು ಅವನ ಅಮ್ಮನದು. ನನ್ನ ಹೆಸರು ಎಲ್ಲೂ ಇಲ್ಲ. ಮತ್ತೆ ಓದಿದೆ. ಕೊನೆಯ ಪುಟದವರೆಗೂ ಹುಡುಕಿದೆ. ಇಲ್ಲ. ಅಪ್ಪನ ಜೀವಮಾನದ ಉಳಿತಾಯ ಹೋಗುತ್ತಿರುವುದು ನನ್ನ ಮನೆಗಲ್ಲ, ಅವರ ಮನೆಗೆ ಅಂತ ಆಗ ಗೊತ್ತಾಯಿತು. ಕೈ ನಡುಗುತ್ತಿತ್ತು.

ಅವನಿಗೆ ಫೋನ್ ಮಾಡಿದೆ. "ಅಮ್ಮನ ಹೆಸರಿದ್ರೆ ಸ್ಟ್ಯಾಂಪ್ ಡ್ಯೂಟಿ ಕಡಿಮೆ ಆಗುತ್ತೆ" ಅಂದ. ಹೆಂಗಸರ ಹೆಸರಿಗೆ ಕಡಿಮೆ ಅಂತಾದರೆ ನನ್ನ ಹೆಸರೂ ಹಾಕಬಹುದಲ್ವಾ ಅಂದೆ. ತಕ್ಷಣ ಕಾರಣ ಬದಲಾಯಿತು: "ಮದುವೆಗೆ ಮುಂಚೆ ನಿನ್ನ ಹೆಸರು ಹಾಕಿದ್ರೆ ಬ್ಯಾಂಕಿನವರು ತಕರಾರು ಮಾಡ್ತಾರೆ." ಇದರಲ್ಲಿ ಸ್ವಲ್ಪ ನಿಜ ಇದೆ. ಮದುವೆಯಾಗದ ಜೋಡಿಗೆ ಜಂಟಿ ಸಾಲ ಕೊಡಲು ಬ್ಯಾಂಕುಗಳು ಸಾಮಾನ್ಯವಾಗಿ ಹಿಂದೆಮುಂದೆ ನೋಡುತ್ತವೆ. ಸರಿ, ಹಾಗಾದರೆ ಮದುವೆ ಆದಮೇಲೆ ಇಬ್ಬರೂ ಸೇರಿ ಸಾಲ ತಗೊಂಡು ರಿಜಿಸ್ಟ್ರೇಷನ್ ಮಾಡಿಸೋಣ ಅಂದೆ. "ಬುಕಿಂಗ್ ಕೈತಪ್ಪುತ್ತೆ. ನಿನಗೆ ನನ್ನ ಮೇಲೆ ನಂಬಿಕೆ ಇಲ್ವಾ?"

ಈ ನಂಬಿಕೆಯ ಮಾತು ಬಂದಾಗ ಎಚ್ಚರ! ಹೆಸರು ಹಾಕು ಅಂತ ಕೇಳಿದರೆ ನಂಬಿಕೆ ಇಲ್ಲದವಳು ಅಂತಾರೆ. ಅದೇ ನಂಬಿಕೆ ಅವರ ಕಡೆಯಿಂದ ಇದ್ದಿದ್ದರೆ ನನ್ನ ಹೆಸರು ಕಾಗದದಲ್ಲಿ ಇರುತ್ತಿತ್ತು.

ಹೋಗಲಿ, 15 ಲಕ್ಷ ಸಾಲ ಕೊಟ್ಟಿದ್ದೇವೆ ಅಂತಾದರೂ ಒಂದು ಪತ್ರ ಬರೆದುಕೊಡಿ ಅಂತ ನಮ್ಮಪ್ಪ ಕೇಳಿದರು. ಅವನ ಅಪ್ಪನ ಉತ್ತರ: "ಹೆಣ್ಣು ಕೊಡೋರು ಪತ್ರ ಬರೆಸ್ಕೋತಾರಾ? ನಾವೇನು ವರದಕ್ಷಿಣೆ ಕೇಳಿದ್ವಾ?" ಅವನಂತೂ ನನಗೆ ಹೇಳಿದ್ದು ಒಂದೇ ಮಾತು. "ನಾನು ಕೇಳ್ತಿಲ್ಲ. ಅಪ್ಪ ಅಮ್ಮನಿಗೆ ಸಮಾಧಾನ ಆಗಲಿ ಅಂತ. ಬೇರೆ ಸಂಬಂಧದವರು ಸೈಟೇ ಕೊಡೋಕೆ ರೆಡಿ ಇದ್ರು, ಅವರಿಗೆಲ್ಲ ನಿನಗೋಸ್ಕರ ಬೇಡ ಅಂದೆ." ಅಂದರೆ ನನ್ನನ್ನು ಪ್ರೀತಿಸಿದ್ದರಿಂದ ಅವನಿಗೆ ಆದ ನಷ್ಟಕ್ಕೆ ಇದು ಪರಿಹಾರ. ಯಾರೂ ಕೇಳಿಲ್ಲ, ಆದರೆ ಕೊಡಲೇಬೇಕು.

ಅಪ್ಪನ ಪರಿಚಯದ ವಕೀಲರೊಬ್ಬರ ಹತ್ತಿರ ಹೋದೆವು. ಅವರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ವರದಕ್ಷಿಣೆ ಅಂದರೆ ನಗದು, ಚಿನ್ನ ಮಾತ್ರ ಅಲ್ಲ. ಮದುವೆಗೆ ಸಂಬಂಧಪಟ್ಟು ನೇರವಾಗಿಯೋ ಸುತ್ತುಬಳಸಿಯೋ ಕೊಡುವ, ಕೊಡುತ್ತೇವೆ ಅಂತ ಒಪ್ಪುವ ಆಸ್ತಿ ಎಲ್ಲವೂ ವರದಕ್ಷಿಣೆಯೇ. ಮದುವೆಗೆ ಮುಂಚೆ, ಮದುವೆಯಲ್ಲಿ, ಆಮೇಲೆ, ಯಾವಾಗ ಕೊಟ್ಟರೂ ಅಷ್ಟೇ. ಕೇಳುವುದೇ ಅಪರಾಧ, ದುಡ್ಡು ಕೈಗೆ ಬರಬೇಕಂತಿಲ್ಲ. ಕೇಳಿದವರಿಗೆ 6 ತಿಂಗಳಿಂದ 2 ವರ್ಷದವರೆಗೆ ಜೈಲು. ಕೊಡುವುದೂ ಅಪರಾಧ ಅನ್ನೋ ಭಯಕ್ಕೇ ಎಷ್ಟೋ ಅಪ್ಪಂದಿರು ಬಾಯಿ ಬಿಡುವುದಿಲ್ಲ. ಆದರೆ ನೊಂದವರು ಕೊಡುವ ಹೇಳಿಕೆಯ ಮೇಲೆ ಅವರ ಮೇಲೇ ಕೇಸು ಹಾಕುವಂತಿಲ್ಲ ಅಂತ ಅದೇ ಕಾಯ್ದೆಯ 7ನೇ ಸೆಕ್ಷನ್‌ನಲ್ಲಿದೆ.

ನನಗೆ ಹೆಚ್ಚು ಕಣ್ಣು ತೆರೆಸಿದ್ದು ಇನ್ನೊಂದು ವಿಷಯ. ಮದುವೆಯಲ್ಲಿ ಮಗಳಿಗೆ ಕೊಟ್ಟ ಒಡವೆ ಸ್ತ್ರೀಧನ. ಅತ್ತೆಯ ಬೀರುವಿನಲ್ಲಿದ್ದರೂ ಅದು ಮಗಳದ್ದೇ. ಸುಪ್ರೀಂ ಕೋರ್ಟ್ 1985ರಲ್ಲೇ ಇದನ್ನು ಹೇಳಿದೆ. ಗಂಡ ಮತ್ತು ಅತ್ತೆಯ ಹೆಸರಿನ ಫ್ಲ್ಯಾಟಿಗೆ ಹೋದ ದುಡ್ಡಿನ ಕಥೆ ಬೇರೆ. ಮದುವೆಯಾದ ಮಾತ್ರಕ್ಕೆ ಗಂಡನ ಆಸ್ತಿಯಲ್ಲಿ ಅರ್ಧ ಹೆಂಡತಿಯದು ಅನ್ನೋ ನಿಯಮ ನಮ್ಮಲ್ಲಿ ಇಲ್ಲ. ನಾಳೆ ಬೇರೆಯಾದರೆ ಜೀವನಾಂಶ ಕೇಳಬಹುದು, ಇರಲು ಜಾಗ ಕೇಳಬಹುದು, ಫ್ಲ್ಯಾಟಿನಲ್ಲಿ ಪಾಲು ನಿಮ್ಮದೇ ಅಂತ ಸುಲಭವಾಗಿ ಹೇಳಲಾಗದು. ವರದಕ್ಷಿಣೆಯಾಗಿ ಪಡೆದದ್ದನ್ನು ಹೆಣ್ಣಿಗೆ 3 ತಿಂಗಳೊಳಗೆ ವರ್ಗಾಯಿಸಬೇಕು ಅಂತ ಕಾನೂನಿದೆ, ನಿಜ. ಆದರೆ ಅರ್ಧ ನಗದಾಗಿ ಕೊಟ್ಟಿದ್ದರೆ ಕೊಟ್ಟಿದ್ದೇವೆ ಅಂತ ಏನು ತೋರಿಸುತ್ತೀರಿ? ನಗದು ಬೇಕು ಅಂದಿದ್ದು ಸುಮ್ನೆ ಅಲ್ಲ.

ನಾವು ಕೊಡಲಿಲ್ಲ. ಮದುವೆ ನಿಂತಿತು. ಛತ್ರದ ಅಡ್ವಾನ್ಸ್ ಹೋಯಿತು. ಹುಡುಗಿಗೆ ದುಡ್ಡಿನ ವ್ಯಾಮೋಹ, ಮದುವೆಗೆ ಮುಂಚೆಯೇ ಆಸ್ತಿ ಬರೆಸಿಕೊಳ್ಳಲು ನೋಡಿದಳು ಅಂತ ಅವರು ಊರೆಲ್ಲ ಹೇಳುತ್ತಿದ್ದಾರೆ. ಅಪ್ಪ ಈಗ ನೆಂಟರ ಮನೆಯ ಕಾರ್ಯಗಳಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ನನ್ನ ಸಿಟ್ಟು ಇಳಿಯದಿರುವುದು ಅದಕ್ಕೇ.

"ನಮಗೇನೂ ಬೇಡ" ಅಂದರೆ ಅಷ್ಟಕ್ಕೇ ಬಿಡಬೇಡಿ. ಛತ್ರಕ್ಕೆ ದುಡ್ಡು ಕಟ್ಟುವ ಮುಂಚೆಯೇ ಮನೆ, ಕಾರು, ಸಾಲದ ಬಗ್ಗೆ ಹುಡುಗನ ಬಾಯಿಂದಲೇ ಕೇಳಿ, ಮಾವ, ಚಿಕ್ಕಪ್ಪನ ಬಾಯಿಂದಲ್ಲ. ನಿಮ್ಮ ಹೆಸರಿಲ್ಲದ ಯಾವ ಆಸ್ತಿಗೂ ನಿಮ್ಮಪ್ಪನ ದುಡ್ಡು ಹೋಗದಿರಲಿ. ಕೊಡುವುದೇ ಆದರೆ ನಿಮ್ಮ ಹೆಸರಿನ ಖಾತೆಯಲ್ಲೇ ಇರಲಿ. ಮೆಸೇಜುಗಳನ್ನು ಅಳಿಸಬೇಡಿ, ಎಷ್ಟೇ ಹೊಟ್ಟೆ ಉರಿದರೂ. ಸಹಾಯ ಬೇಕಿದ್ದರೆ ಮಹಿಳಾ ಸಹಾಯವಾಣಿ 181 ಇದೆ. ಮತ್ತೆ, "ನಾನು ಕೇಳ್ತಿಲ್ಲ, ಅಪ್ಪ ಅಮ್ಮ ಕೇಳ್ತಿದ್ದಾರೆ" ಅನ್ನುವ ಹುಡುಗನಿಗೆ ಒಂದು ಕೆಲಸ ಹೇಳಿ: ಅಪ್ಪ ಅಮ್ಮನಿಗೆ ನನ್ನೆದುರೇ ಬೇಡ ಅನ್ನು ಅಂತ. ನಮ್ಮವನು ಅದೊಂದನ್ನು ಮಾಡಲಿಲ್ಲ.